ಒಂದು ತಪ್ಪು ಸಂದೇಶ, ಇಬ್ಬರು ಗಿರಾಕಿಗಳು: ಕೋಷ್ಟಕ ಹಾಕಿ ಕಥೆ ಬರೆದ ನನ್ನ ಅನುಭವ

ಕಥೆ ಬರೆಯುವ ಮೊದಲು ಹಾಳೆಯ ಮೇಲೆ ಗೆರೆ ಎಳೆದು ಕೋಷ್ಟಕ ಹಾಕಿಕೊಳ್ಳುತ್ತೇನೆ ಎಂದು ನಮ್ಮ ಬರಹಗಾರರ ಗುಂಪಿನಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. ಹಾಗೆ ಬರೆದದ್ದು ಲೆಕ್ಕಪತ್ರವಾದೀತೇ ಹೊರತು ಕಥೆಯಾಗದು ಎಂದು ಹಿರಿಯರೊಬ್ಬರು ಹೇಳಿದರು. ಇನ್ನೊಬ್ಬರು, ನಿಮ್ಮ ಪಾತ್ರಗಳು ಹಾಜರಿ ಹಾಕಿ ಹೋಗುತ್ತವೆ, ಮಾತಾಡುವುದಿಲ್ಲ ಎಂದರು. ಆ ಕೋಷ್ಟಕದಿಂದಲೇ ಹೊರಟ ಕಥೆ ಈಗ ಅಚ್ಚಾಗಿದೆ. ನಕ್ಕವರಲ್ಲಿ ಇಬ್ಬರು ಆ ಹಾಳೆಯ ಪ್ರತಿಯನ್ನೂ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ವಿವರಿಸುವ ಬದಲು, ಅದನ್ನು ಹೇಗೆ ಬಳಸಿದೆ ಎಂಬುದನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ದೃಷ್ಟಿಕೋನ, ಸಂಭಾಷಣೆ, ಕರಡು ತಿದ್ದುವಿಕೆ ಇವೆಲ್ಲ ಓದುಗರಿಗೆ ತಿಳಿದೇ ಇವೆ ಎಂದುಕೊಂಡು ಅವುಗಳ ಗೊಡವೆಗೆ ಹೋಗುವುದಿಲ್ಲ.

ಕಥೆಯ ಎಳೆ ಬಹಳ ಸಣ್ಣದು. ಒಬ್ಬ ದರ್ಜಿ ಇದ್ದಾನೆ, ಅವನ ಅಂಗಡಿಯಲ್ಲಿ ಟ್ರಯಲ್ ನೋಡುವುದಕ್ಕೆ ಒಂದೇ ಕನ್ನಡಿ, ಒಂದೇ ಪರದೆ. ಕೋಟು ಹೊಲಿಸುತ್ತಿರುವ ಹಿರಿಯರೊಬ್ಬರಿಗೆ ಗುರುವಾರ ಸಂಜೆ 4 ಗಂಟೆಗೂ, ಜಾಕೆಟ್ ಹೊಲಿಸುತ್ತಿರುವ ಮಹಿಳೆಯೊಬ್ಬರಿಗೆ 5 ಗಂಟೆಗೂ ಸಮಯ ಕೊಟ್ಟಿದ್ದಾನೆ. ಆದರೆ ಸಂದೇಶ ಕಳುಹಿಸುವಾಗ ಇಬ್ಬರಿಗೂ 4 ಎಂದು ಹೋಗುತ್ತದೆ, ಇಬ್ಬರೂ ಅದೇ ಹೊತ್ತಿಗೆ ಬಂದು ನಿಲ್ಲುತ್ತಾರೆ. ಮೇಲ್ನೋಟಕ್ಕೆ ಇದು ಸುಲಭದ ಎಳೆ. ಎರಡು ಪುಟದಲ್ಲಿ ಮುಗಿಯುತ್ತದೆ ಎಂದು ನಾನೂ ಅಂದುಕೊಂಡೇ ಕುಳಿತೆ. ಕೂತ ಮೇಲೆ ಮುಗಿಸುವುದಕ್ಕೆ ಒಂದು ವರ್ಷದ ಮೇಲೆಯೇ ಹಿಡಿಯಿತು.

ಮೊದಲ ಕರಡುಗಳೆಲ್ಲ ಒಂದೇ ಜಾಗದಲ್ಲಿ ಕುಸಿಯುತ್ತಿದ್ದವು. ಮಹಿಳೆ ಒಳಗೆ ಬರುತ್ತಾಳೆ, ದರ್ಜಿ ಗಾಬರಿಯಾಗುತ್ತಾನೆ, ಆಕೆ ಮೊಬೈಲ್ ತೋರಿಸುತ್ತಾಳೆ, ಅವನು ಕ್ಷಮೆ ಕೇಳುತ್ತಾನೆ, ಹಿರಿಯರು "ಪರವಾಗಿಲ್ಲ, ನಾನು ಆಮೇಲೆ ಬರುತ್ತೇನೆ" ಎಂದು ಎದ್ದು ಹೋಗುತ್ತಾರೆ. ಅಲ್ಲಿಗೆ ಕಥೆಯೇ ಬಾಗಿಲು ದಾಟಿದಂತಾಗುತ್ತದೆ. ಸಭ್ಯರಾದ ಇಬ್ಬರನ್ನು ಒಂದು ಕೋಣೆಯಲ್ಲಿ ಸೇರಿಸಿದರೆ ಅವರಲ್ಲಿ ಒಬ್ಬರು ಜಾಗ ಬಿಟ್ಟುಕೊಟ್ಟೇ ಕೊಡುತ್ತಾರೆ. ಹಾಗಾಗದಿರಲೆಂದು ಒಬ್ಬರನ್ನು ಜಗಳಗಂಟರನ್ನಾಗಿ ಮಾಡಿ ನೋಡಿದೆ. ಆಗ ಕಥೆ ಆ ಜಗಳಗಂಟನ ಬಾಯಿಯ ಬಗ್ಗೆ ಆಯಿತೇ ಹೊರತು ಸಂದೇಶದ ಬಗ್ಗೆ ಆಗಲಿಲ್ಲ.

ಈ ಹಂತದಲ್ಲಿ ಹಣ ಕೊಟ್ಟು ಕರಡು ಓದಿಸಿ ಸಲಹೆ ಪಡೆಯುವ ಹುಚ್ಚೊಂದು ಹಿಡಿಯಿತು. ಸಲಹೆ ಕೊಟ್ಟವರ ಪ್ರಕಾರ ಆ ಇಬ್ಬರು ಗಿರಾಕಿಗಳು ಹಿಂದೆ ಗಂಡ ಹೆಂಡತಿಯಾಗಿದ್ದು ಈಗ ಬೇರೆಯಾದವರಾಗಿರಬೇಕಿತ್ತು. ಅಥವಾ ಆಸ್ತಿಯ ವ್ಯಾಜ್ಯದಲ್ಲಿರುವ ಅಣ್ಣ ತಂಗಿಯರಾದರೂ ಆಗಬಹುದಿತ್ತು. ಹಾಗೆಯೂ ಒಂದು ಕರಡು ಬರೆದೆ. ಬರೆಯುತ್ತಾ ಹೋದಂತೆ ಸಂದೇಶದ ತಪ್ಪು ಬರೀ ನೆಪವಾಗಿಬಿಟ್ಟಿತು. ಮಾಜಿ ದಂಪತಿಗಳು ಬಸ್ಸಿನಲ್ಲಿ ಎದುರಾದರೂ ಅದೇ ಕಥೆ ನಡೆಯುತ್ತದೆ, ದರ್ಜಿ ಅಲ್ಲಿ ಬೇಕಾಗಿಯೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ತಪ್ಪು ಸಂದೇಶ ಹೋದದ್ದು ಒಂದು ಆಕಸ್ಮಿಕ, ಅದು ಹೋದದ್ದು ಸರಿಯಾಗಿ ಅವರಿಬ್ಬರಿಗೇ ಎಂಬುದು ಇನ್ನೊಂದು. ಓದುಗರು ಒಂದು ಆಕಸ್ಮಿಕವನ್ನು ಆರಂಭದಲ್ಲಿ ಸಾಲವಾಗಿ ಕೊಡುತ್ತಾರೆ, ಎರಡನೆಯದನ್ನು ಕೇಳಿದರೆ ಪುಸ್ತಕ ಮುಚ್ಚುತ್ತಾರೆ. ಆದ್ದರಿಂದ ಗಿರಾಕಿಗಳು ಪರಸ್ಪರ ಅಪರಿಚಿತರಾಗಿಯೇ ಇರಬೇಕೆಂದು ತೀರ್ಮಾನಿಸಿದೆ. ಆ ಸಲಹೆಗೆ ಕೊಟ್ಟ ಹಣ, ಕೊನೆಗೆ ಕಥೆಗೆ ಬಂದ ಗೌರವಧನದ ಸುಮಾರು ಎರಡರಷ್ಟಿತ್ತು.

ಕೋಷ್ಟಕ ಹುಟ್ಟಿದ್ದು ಇದಾದ ಮೇಲೆ. ಹಾಳೆಯನ್ನು ಅಡ್ಡ ಇಟ್ಟುಕೊಂಡು ನಾಲ್ಕು ಕಂಬಗಳನ್ನು ಎಳೆದೆ: ದರ್ಜಿ, ಕೋಟಿನವರು, ಜಾಕೆಟ್ಟಿನವರು, ಓದುಗರು. ಎಡಗಡೆ ಮೇಲಿನಿಂದ ಕೆಳಗೆ ಸಮಯ ಬರೆದೆ. ಬುಧವಾರ ರಾತ್ರಿ ಸಂದೇಶ ಹೋದ ಗಳಿಗೆ ಒಂದು ಸಾಲು. ಗುರುವಾರ 3:55ರಿಂದ ಸುಮಾರು ಮುಕ್ಕಾಲು ಗಂಟೆಯವರೆಗೆ ಹೆಚ್ಚುಕಡಿಮೆ ಐದೈದು ನಿಮಿಷಕ್ಕೆ ಒಂದು ಸಾಲು. ಪ್ರತಿ ಚೌಕದಲ್ಲಿ ಆ ವ್ಯಕ್ತಿ ಏನು ಮಾಡುತ್ತಿದ್ದಾನೆ ಎಂಬುದನ್ನು ನಾನು ಬರೆಯಲಿಲ್ಲ. ಆ ನಿಮಿಷಕ್ಕೆ ಅವನು ಏನನ್ನು ನಿಜವೆಂದು ತಿಳಿದಿದ್ದಾನೆ ಎಂಬುದನ್ನು ಮಾತ್ರ ಬರೆದೆ. ನಕ್ಕವರಿಗೆ ಅರ್ಥವಾಗದೆ ಹೋದದ್ದು ಈ ವ್ಯತ್ಯಾಸವೇ. ಕ್ರಿಯೆಗಳ ಪಟ್ಟಿ ಮಾಡಿದ್ದರೆ ಅದು ನಿಜಕ್ಕೂ ಹಾಜರಿ ಪುಸ್ತಕವೇ ಆಗುತ್ತಿತ್ತು.

ಹಳೆಯ ಕರಡನ್ನು ಈ ಹಾಳೆಗೆ ಇಳಿಸಿದಾಗ ಅದರ ರೋಗ ಕಣ್ಣಿಗೆ ಬಿತ್ತು. 4:02ರ ಸಾಲಿನಲ್ಲಿ ನಾಲ್ಕೂ ಚೌಕಗಳಲ್ಲಿ ಒಂದೇ ವಾಕ್ಯವಿತ್ತು: ದರ್ಜಿ ತಪ್ಪು ಸಮಯ ಕಳುಹಿಸಿದ್ದಾನೆ. ಆಕೆ ಒಳಗೆ ಬಂದು ಒಂದು ಮಾತಾಡಿದ ಕೂಡಲೇ ಎಲ್ಲರಿಗೂ ಎಲ್ಲವೂ ತಿಳಿದುಬಿಡುತ್ತಿತ್ತು, ಆಮೇಲೆ ಬರೆದ ಸುಮಾರು ಸಾವಿರ ಪದಗಳೆಲ್ಲ ತಿಳಿದದ್ದನ್ನೇ ಮತ್ತೆ ಹೇಳುತ್ತಿದ್ದವು. ನಾಲ್ಕು ಚೌಕಗಳು ಒಂದಾಗುವ ಸಾಲನ್ನು ಎಷ್ಟು ಕೆಳಕ್ಕೆ ತಳ್ಳಬಲ್ಲೆ, ಅದನ್ನೂ ಯಾರೂ ಮೂರ್ಖರಂತೆ ಕಾಣದ ಹಾಗೆ ಹೇಗೆ ತಳ್ಳಬಲ್ಲೆ ಎಂಬುದಷ್ಟೇ ಅಲ್ಲಿಂದ ಮುಂದೆ ನನ್ನ ಕೆಲಸವಾಯಿತು.

ಮೊದಲು ಸಂದೇಶದ ತಪ್ಪನ್ನೇ ಸರಿಪಡಿಸಬೇಕಾಯಿತು. ತಪ್ಪು ಹೇಗಾಯಿತು ಎಂಬುದನ್ನು ಓದುಗರು ಎರಡು ವಾಕ್ಯದಲ್ಲಿ ನಂಬಬೇಕು, ಆದರೆ ಅದು ದರ್ಜಿಯ ಸ್ವಭಾವದಿಂದಲೇ ಹುಟ್ಟಿರಬೇಕು. ಆರಂಭದಲ್ಲಿ ಅವನು ಸಂದೇಶ ಬರೆಯುತ್ತಿರುವಾಗ ಕರೆಯೊಂದು ಬರುವಂತೆ ಮಾಡಿದ್ದೆ. ಅದು ತಪ್ಪಿಗೆ ಸಿಕ್ಕ ನೆಪ ಮಾತ್ರ, ಯಾರಿಗೆ ಬೇಕಾದರೂ ಆಗಬಹುದಾದದ್ದು. ಕೊನೆಗೆ ಅವನನ್ನು ಹೆಸರುಗಳ ವಿಷಯದಲ್ಲಿ ಅತಿ ಎಚ್ಚರದ ಮನುಷ್ಯನನ್ನಾಗಿ ಮಾಡಿದೆ. ಅಚ್ಚಾದ ಕಥೆಯಲ್ಲಿ ಆ ಭಾಗ ಹೀಗಿದೆ:

"ಕೋಟಿನವರಿಗೆ ಕಳುಹಿಸಿದ ಸಂದೇಶವನ್ನೇ ಒತ್ತಿ ಹಿಡಿದು ನಕಲು ಮಾಡಿಕೊಂಡ. ನಿಮ್ಮ ಕೋಟು ಮೊದಲ ಟ್ರಯಲ್‌ಗೆ ಸಿದ್ಧವಾಗಿದೆ, ಗುರುವಾರ ಸಂಜೆ 4 ಗಂಟೆಗೆ ದಯವಿಟ್ಟು ಬನ್ನಿ. ಕೋಟು ಎಂಬುದನ್ನು ಅಳಿಸಿ ಜಾಕೆಟ್ ಎಂದು ಬರೆದ. ಮೇಲೆ ಹೆಸರು ಬದಲಿಸಿದ. ಹೆಸರಿನ ನಡುವೆ ಶ ಇರಬೇಕಾದಲ್ಲಿ ಸ ಬಿದ್ದಿತ್ತು, ಅದನ್ನು ತಿದ್ದಿದ. ತಿದ್ದಿದ ಮೇಲೆ ಸರಿಯಾಯಿತೇ ಎಂದು ಅಳತೆ ಪುಸ್ತಕ ತೆಗೆದು ಆಕೆಯ ಸಾಲನ್ನು ನೋಡಿದ. ಶ ಸರಿಯಾಗಿತ್ತು. ಕಳುಹಿಸಿದ."

ಬದಲಾಗಬೇಕಾದವು ಮೂರು, ಅವನು ಬದಲಿಸಿದ್ದು ಎರಡು. ಮೂರನೆಯದು ಸಂದೇಶದ ಕೊನೆಯಲ್ಲಿದೆ, ಅವನ ಕಣ್ಣು ಮಾತ್ರ ಹೆಸರಿನ ಮೇಲೆಯೇ ನಿಂತಿದೆ. ಅಳತೆ ಪುಸ್ತಕದಲ್ಲಿ ಆ ಹೆಸರಿನ ಪಕ್ಕದಲ್ಲೇ 5 ಎಂದು ಬರೆದಿದ್ದರೂ ಅವನು ನೋಡಿದ್ದು ಶ ಅಕ್ಷರವನ್ನು. ಯಾವ ಗುಣದಿಂದ ಆತ ಒಳ್ಳೆಯ ದರ್ಜಿಯೋ ಅದೇ ಗುಣದಿಂದ ಸಮಯ ತಪ್ಪಿತು. ಈ ಭಾಗದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ, ಅದನ್ನು ಮುಚ್ಚಿಡುವುದಿಲ್ಲ.

ಇಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಸಂದೇಶ ತಪ್ಪಾಗಿದೆ ಎಂದು ಓದುಗರಿಗೆ ಬಾಯಿಬಿಟ್ಟು ಹೇಳಿದರೆ ಮುಂದಿನ ಪುಟಗಳಲ್ಲಿ ದರ್ಜಿ ಪೆದ್ದನಾಗಿ ಕಾಣುತ್ತಾನೆ. ಏನೂ ಹೇಳದೆ ಇಬ್ಬರನ್ನೂ ಒಟ್ಟಿಗೆ ತಂದು ನಿಲ್ಲಿಸಿದರೆ ಒಂದು ಸಾಲಿನ ಅಚ್ಚರಿ ಸಿಗುತ್ತದೆ, ಅಷ್ಟೇ. ಆದ್ದರಿಂದ ಒಂದು ಪುಟ ಮುಂಚೆ ಆಕೆ ಅಳತೆ ಕೊಡುವಾಗ "ಕೆಲಸ ಮುಗಿಯುವುದೇ ನಾಲ್ಕೂವರೆಗೆ, ಐದಕ್ಕಾದರೆ ಅನುಕೂಲ" ಎಂದು ಹೇಳುವುದನ್ನು ಬೇರೆ ಮಾತುಗಳ ನಡುವೆ ಸೇರಿಸಿಟ್ಟೆ. ಗಮನವಿಟ್ಟು ಓದುವವರು ಸಂದೇಶದಲ್ಲಿನ 4ರ ಬಳಿಯೇ ನಿಂತು ಹಿಂದಿನ ಪುಟ ತಿರುವುತ್ತಾರೆ, ಉಳಿದವರಿಗೆ ಆಕೆ ಬಾಗಿಲಲ್ಲಿ ಕಂಡಾಗ ಹೊಳೆಯುತ್ತದೆ. ಓದುಗರ ಚೌಕದಲ್ಲಿ ನಾನು ಆ ಸಾಲಿಗೆ "ಅರ್ಧ ಗೊತ್ತು" ಎಂದು ಬರೆದಿದ್ದೆ.

ನಡುವೆ ಎರಡು ಅಡ್ಡದಾರಿಗಳನ್ನು ಹಿಡಿದು ನೋಡಿದ್ದನ್ನೂ ಹೇಳಿಬಿಡುತ್ತೇನೆ. ಮೊದಲನೆಯದರಲ್ಲಿ ತಪ್ಪನ್ನು ಯಂತ್ರದ ಮೇಲೆ ಹಾಕಿದ್ದೆ. ಸಾಮಾನ್ಯ ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳಾದರೆ 160 ಹಿಡಿಯುತ್ತವೆ, ಕನ್ನಡದಲ್ಲಿ ಬರೆದರೆ ಮಿತಿ 70ಕ್ಕೆ ಇಳಿಯುತ್ತದೆ. ಒತ್ತಕ್ಷರ, ಗುಣಿತದ ಗುರುತುಗಳೆಲ್ಲ ಬೇರೆ ಬೇರೆಯಾಗಿಯೇ ಲೆಕ್ಕಕ್ಕೆ ಬರುವುದರಿಂದ, ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ಕ್ಷಿ ಅಲ್ಲಿ ನಾಲ್ಕಾಗುತ್ತದೆ. ಮಿತಿ ಮೀರಿದ ಸಂದೇಶ ತುಂಡಾಗಿ ಹೋಗುತ್ತದೆ, ಪ್ರತಿ ತುಂಡಿಗೆ 67 ಮಾತ್ರ. ತುಂಡುಗಳು ಬೇರೆ ಬೇರೆಯಾಗಿ ಪ್ರಯಾಣ ಮಾಡುತ್ತವೆ. ಹಾಗಾಗಿ ಸಮಯವಿದ್ದ ತುಂಡು ಮಾತ್ರ ಕಳೆದುಹೋಗಿ, ಆಕೆ ತಾನೇ ಊಹಿಸಿ ಬರುವಂತೆ ಬರೆದೆ. ತಾಂತ್ರಿಕವಾಗಿ ತಕ್ಕಮಟ್ಟಿಗೆ ನಿಲ್ಲುತ್ತಿತ್ತು, ಕಥೆಯಾಗಿ ನಿಲ್ಲಲಿಲ್ಲ. ಒಂದು ಕಾರಣ, ಅದನ್ನು ವಿವರಿಸುವುದಕ್ಕೆ ಒಂದು ಪರಿಚ್ಛೇದವೇ ಬೇಕಾಗುತ್ತಿತ್ತು. ಇನ್ನೊಂದು, ತಪ್ಪು ಯಂತ್ರದ್ದಾದರೆ ದರ್ಜಿ ನಾಚಿಕೊಳ್ಳಬೇಕಾದ ಅಗತ್ಯವೇ ಇಲ್ಲ, ಮೂವರೂ ಸೇರಿ ಮೊಬೈಲನ್ನು ಬೈದು ಮನೆಗೆ ಹೋಗಬಹುದು.

ಎರಡನೆಯ ಪ್ರಯೋಗ ಇನ್ನೂ ವಿಚಿತ್ರವಾಗಿ ಮುಗಿಯಿತು. ರಾತ್ರಿ ಮಲಗುವ ಮುಂಚೆ ದರ್ಜಿಗೆ ತಪ್ಪಿನ ಅರಿವಾಗಿ, "ದಯವಿಟ್ಟು 5ಕ್ಕೆ ಬನ್ನಿ" ಎಂದು ತಿದ್ದುಪಡಿ ಕಳುಹಿಸುತ್ತಾನೆ, ಆದರೆ ನಿದ್ದೆಗಣ್ಣಿನಲ್ಲಿ ಅದನ್ನು ಕೋಟಿನವರಿಗೆ ಕಳುಹಿಸುತ್ತಾನೆ. ಗೊಂದಲ ಇಮ್ಮಡಿಯಾಗುತ್ತದೆ ಎಂದು ಹುಮ್ಮಸ್ಸಿನಿಂದ ಕೋಷ್ಟಕಕ್ಕೆ ಇಳಿಸಿದರೆ, ಜಾಕೆಟ್ಟಿನವರು 4ಕ್ಕೆ, ಕೋಟಿನವರು 5ಕ್ಕೆ ಬಂದು, ಇಬ್ಬರೂ ಎದುರಾಗದೆಯೇ ಕೆಲಸ ಮುಗಿಸಿಕೊಂಡು ಹೋಗುತ್ತಾರೆ! ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದ್ದವು. ಕೋಷ್ಟಕವಿಲ್ಲದೆ ಬರೆಯಲು ಕುಳಿತಿದ್ದರೆ ಇದು ನನಗೆ ಹತ್ತನೆಯ ಪುಟದಲ್ಲಿ ತಿಳಿಯುತ್ತಿತ್ತು. ಯಾರಿಗೂ ಗೊತ್ತಾಗದೆ ಸರಿಹೋದ ತಪ್ಪಿನ ಆ ಎಳೆಯನ್ನು ಬೇರೊಂದು ಕಥೆಗೆ ಎತ್ತಿಟ್ಟಿದ್ದೇನೆ, ಅದರ ವಿವರ ಇಲ್ಲಿ ಬೇಡ.

ಇನ್ನು ಉಳಿದದ್ದು ಹಳೆಯ ಪ್ರಶ್ನೆ: ಹಿರಿಯರು ಎದ್ದು ಹೋಗದಂತೆ ಮಾಡುವುದು ಹೇಗೆ? ಇದಕ್ಕೆ ಉತ್ತರ ಮೇಜಿನ ಬಳಿ ಕುಳಿತು ಸಿಗಲಿಲ್ಲ. ನನಗೆ ಅಗತ್ಯವೇ ಇಲ್ಲದ ಕೋಟೊಂದನ್ನು ಹೊಲಿಯಲು ಕೊಟ್ಟು, ಟ್ರಯಲ್‌ಗೆ ಹೋಗಿ, ದರ್ಜಿಯ ಕೈಗಳನ್ನು ನೋಡುತ್ತಾ ನಿಂತೆ. ಕಥೆಗಾಗಿ ಮಾಡಿದ ಖರ್ಚಿನಲ್ಲಿ ಇದೇ ದೊಡ್ಡದು. ಸಲಹೆಗೆ ಕೊಟ್ಟ ಹಣ ಇದರ ಮುಂದೆ ಏನೂ ಅಲ್ಲ. ಆದರೂ ಕಥೆಯನ್ನು ಉಳಿಸಿದ ಎರಡು ಸಂಗತಿಗಳೂ ಅಲ್ಲಿಯೇ ಸಿಕ್ಕವು.

ಒಂದು, ತೋಳು. ಮೊದಲ ಟ್ರಯಲ್‌ನಲ್ಲಿ ಕೋಟನ್ನು ಕಚ್ಚಾ ಹೊಲಿಗೆಯಲ್ಲಿ ಮಾತ್ರ ಜೋಡಿಸಿರುತ್ತಾರೆ. ನಮ್ಮ ದರ್ಜಿ ಒಂದು ತೋಳನ್ನು ಮೈಮೇಲೆಯೇ ಇಟ್ಟು ಗುಂಡುಸೂಜಿಗಳಿಂದ ಹೆಗಲಿಗೆ ಕೂರಿಸಿದರು. ಮನುಷ್ಯ ಸಹಜವಾಗಿ ನಿಂತಾಗ ಅವನ ಕೈ ಯಾವ ಕೋನದಲ್ಲಿ ಇಳಿಬಿದ್ದಿರುತ್ತದೋ ಅದಕ್ಕೆ ಸರಿಯಾಗಿ ತೋಳನ್ನು ತಿರುಗಿಸಿ ಸಿಕ್ಕಿಸಬೇಕು, ಇಲ್ಲವಾದರೆ ಹೊಲಿದ ಮೇಲೆ ತೋಳಿನಲ್ಲಿ ಓರೆಯಾಗಿ ಸುಕ್ಕು ಬೀಳುತ್ತದೆ. ಆ ಹೊತ್ತಿನಲ್ಲಿ ಕೈ ಎತ್ತುವಂತಿಲ್ಲ, ಕೂರುವಂತಿಲ್ಲ, ಕೋಟು ಬಿಚ್ಚಿದರೆ ಸೂಜಿಗಳೆಲ್ಲ ಮತ್ತೆ ಮೊದಲಿನಿಂದ. ಅಲ್ಲಿಗೆ ಹಿರಿಯರು ಎಷ್ಟು ಸಭ್ಯರಾಗಿದ್ದರೂ ಎದ್ದು ಹೋಗುವ ದಾರಿ ಮುಚ್ಚಿತು. ಅವರು 3:55ಕ್ಕೆ ಬಂದು, ಮಹಿಳೆ 4:02ಕ್ಕೆ ಬರುವಷ್ಟರಲ್ಲಿ ಬಲತೋಳು ಅರ್ಧ ಸಿಕ್ಕಿಸಿಯಾಗಿರುವಂತೆ ಸಮಯವನ್ನು ಹೊಂದಿಸಿದೆ. ನಿಜದಲ್ಲಿ ಏಳು ನಿಮಿಷಕ್ಕೆ ಅಷ್ಟಾಗುವುದು ಕಷ್ಟ ಎಂದು ಕಥೆ ಓದಿದ ದರ್ಜಿಯೊಬ್ಬರು ಹೇಳಿದರು. ಅವರೊಬ್ಬರನ್ನು ಬಿಟ್ಟು ಬೇರಾರೂ ಕೇಳಿಲ್ಲ.

ಇನ್ನೊಂದು, ಬಾಯಿ. ನಮ್ಮ ದರ್ಜಿ ಆ ಕೆಲಸ ಮಾಡುವಾಗ ನಾಲ್ಕಾರು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿದ್ದರು. ನಾನು ಕೇಳಿದ್ದಕ್ಕೆಲ್ಲ "ಹ್ಞೂಂ" ಎಂಬ ಒಂದೇ ಉತ್ತರ. ಮನೆಗೆ ಬಂದವನೇ ಕೋಷ್ಟಕ ತೆಗೆದು 4:02ರ ಸಾಲಿನಲ್ಲಿ ದರ್ಜಿಯ ಚೌಕಕ್ಕೆ "ಬಾಯಲ್ಲಿ ಸೂಜಿ" ಎಂದು ಬರೆದೆ. ಆಕೆ ಬಾಗಿಲಲ್ಲಿ ನಿಂತು "ಬರಬಹುದೇ?" ಎಂದಾಗ ಅಂಗಡಿಯವನು ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ, ಉತ್ತರ ಕೊಡುವವರು ಕೋಟಿನವರು: "ಬನ್ನಿ ಅಮ್ಮಾ, ಕೂತುಕೊಳ್ಳಿ, ಇವರಿಗೆ ಈಗ ಮಾತಾಡುವ ಹಾಗಿಲ್ಲ." ಹಳೆಯ ಕರಡುಗಳಲ್ಲಿ ಕ್ಷಮೆಯಿಂದ ಆರಂಭವಾಗುತ್ತಿದ್ದ ದೃಶ್ಯ ಹೀಗೆ ಆತಿಥ್ಯದಿಂದ ಆರಂಭವಾಯಿತು, ನಾಲ್ಕು ಚೌಕಗಳೂ ಬೇರೆ ಬೇರೆಯಾಗಿ ಉಳಿದವು.

ಆ ಕ್ಷಣದ ಸಾಲನ್ನು ಇಲ್ಲಿ ಬಿಡಿಸಿಯೇ ಹೇಳುತ್ತೇನೆ. ದರ್ಜಿಯ ಮನಸ್ಸಿನಲ್ಲಿರುವುದು, ಆಕೆ ಒಂದು ಗಂಟೆ ಮೊದಲೇ ಬಂದಿದ್ದಾಳೆ. ಮಹಿಳೆಯ ಮನಸ್ಸಿನಲ್ಲಿರುವುದು, ತಾನು 5 ಕೇಳಿದ್ದರೂ ಅಂಗಡಿಯವರ ಅನುಕೂಲಕ್ಕಾಗಿ 4ಕ್ಕೆ ಬದಲಾಯಿಸಿದ್ದಾರೆ, ಅದಕ್ಕೆಂದೇ ತಾನು ಸಂಬಳ ಕಡಿತವಾದರೂ ಅರ್ಧ ದಿನ ರಜೆ ಹಾಕಿ ಬಂದಿದ್ದೇನೆ. ಹಿರಿಯರ ಮನಸ್ಸಿನಲ್ಲಿರುವುದು, ಹೊಲಿದಾದ ಬಟ್ಟೆ ಒಯ್ಯಲು ಯಾರೋ ಬಂದಿದ್ದಾರೆ, ಐದು ನಿಮಿಷದ ಕೆಲಸ. ಮೂವರ ತಿಳಿವಳಿಕೆಯೂ ಸಕಾರಣವಾಗಿದೆ, ಮೂರೂ ತಪ್ಪು. ಇನ್ನು ಇವುಗಳನ್ನು ಒಂದೊಂದಾಗಿ, ಬೇರೆ ಬೇರೆ ನಿಮಿಷದಲ್ಲಿ ಒಡೆಯಬೇಕಿತ್ತು.

ದರ್ಜಿ ಕೊನೆಯ ಸೂಜಿಯನ್ನು ಬಾಯಿಯಿಂದ ತೆಗೆದ ಮೇಲೆ ಮೊದಲು ಆಡುವ ಮಾತು, "ಸ್ವಲ್ಪ ಬೇಗ ಬಂದುಬಿಟ್ಟಿರಿ, ಪರವಾಗಿಲ್ಲ." ಅವನ ಮಟ್ಟಿಗೆ ಅದು ಸೌಜನ್ಯ. ಸಂಬಳ ಬಿಟ್ಟು ಬಂದವಳಿಗೆ ಅದು ಚುಚ್ಚುತ್ತದೆ. ಆಕೆ ಚೀಲದಿಂದ ಮೊಬೈಲ್ ತೆಗೆದು ಸಂದೇಶ ನೋಡಿಕೊಳ್ಳುತ್ತಾಳೆ. ಅಲ್ಲಿಗೆ ಆಕೆಯ ಚೌಕ ಬದಲಾಯಿತು: ಇವರು ಬದಲಾಯಿಸಿದ್ದಲ್ಲ, ಇವರಿಗೆ ತಾವು ಕಳುಹಿಸಿದ್ದೇ ಗೊತ್ತಿಲ್ಲ. ಆದರೆ ಆಕೆ ತಕ್ಷಣ ಹೇಳುವುದಿಲ್ಲ. ಒಂದು ಕೈಯನ್ನು ಗೊಂಬೆಯಂತೆ ಇಳಿಬಿಟ್ಟುಕೊಂಡು ನಿಂತ ಅಪರಿಚಿತ ಹಿರಿಯರ ಎದುರು ಅಂಗಡಿಯವನನ್ನು ದಬಾಯಿಸುವುದು ಆಕೆಗೆ ಸಾಧ್ಯವಾಗುವುದಿಲ್ಲ. ಈ ಮೌನ ಹಾಳೆಯಲ್ಲಿ ಎರಡು ಸಾಲು, ಅಂದರೆ ಹತ್ತು ನಿಮಿಷ. ಕಥೆಯಲ್ಲಿ ಸುಮಾರು 400 ಪದ. ನನಗೆ ಬರೆಯಲು ಅತ್ಯಂತ ಹಿತವಾದ ಭಾಗ ಅದೇ.

ಅಷ್ಟರಲ್ಲಿ ದರ್ಜಿ ತೋಳಿನ ಅಳತೆ ಬರೆದುಕೊಳ್ಳಲು ಪುಸ್ತಕ ತೆರೆಯುತ್ತಾನೆ, ಆಕೆಯ ಹೆಸರಿನ ಪಕ್ಕದ 5 ಅವನ ಕಣ್ಣಿಗೆ ಬೀಳುತ್ತದೆ. ಇಲ್ಲಿ ಅವನಿಗೆ ಸತ್ಯ ಹೊಳೆಯುವಂತೆ ಬರೆಯುವುದು ಸುಲಭವಿತ್ತು, ಬರೆದೂ ಇದ್ದೆ, ಹೊಡೆದುಹಾಕಿದೆ. ಆ 5 ಅವನಿಗೆ ತಪ್ಪನ್ನು ತೋರಿಸುವುದಿಲ್ಲ, ಧೈರ್ಯವನ್ನು ಕೊಡುತ್ತದೆ. ಸ್ವಂತ ಕೈಬರಹದ ಸಾಕ್ಷಿ ಸಿಕ್ಕಿತಲ್ಲ! ಅವನು ಪುಸ್ತಕವನ್ನು ಆಕೆಯ ಕಡೆ ತಿರುಗಿಸಿ ಬೆರಳಿಟ್ಟು ತೋರಿಸುತ್ತಾನೆ. ಆಕೆ ಮಾತಿಲ್ಲದೆ ಮೊಬೈಲನ್ನು ಅದೇ ಪುಟದ ಮೇಲೆ, ಅವನ ಬೆರಳಿನ ಪಕ್ಕಕ್ಕೆ ಇಡುತ್ತಾಳೆ. ಒಂದೇ ಪುಟದ ಮೇಲೆ 5 ಮತ್ತು 4, ಎರಡೂ ಅವನದೇ. ನಾಲ್ಕು ಚೌಕಗಳು ಒಂದಾಗುವುದು ಈ ಸಾಲಿನಲ್ಲಿ, ಹಾಳೆಯ ಮೇಲೆ 4:20ಕ್ಕೆ. ಹಳೆಯ ಕರಡಿಗಿಂತ ಹದಿನೆಂಟು ನಿಮಿಷ ತಡವಾಗಿ.

ಕಥೆಯೊಳಗಿನ ಹಣದ ವಿಷಯದಲ್ಲಿ ಗುಂಪಿನಲ್ಲಿ ಬಹಳ ವಾದವಾಯಿತು. ತಪ್ಪು ಗೊತ್ತಾದ ಮೇಲೆ ದರ್ಜಿ ಹೊಲಿಗೆ ಕೂಲಿಯನ್ನೇ ಬಿಟ್ಟುಬಿಡಬೇಕು ಎಂದವರು ಕೆಲವರು. ಬರೀ ಕ್ಷಮೆ ಸಾಕು ಎಂದವರು ಇನ್ನು ಕೆಲವರು. ಪೂರ್ತಿ ಬಿಟ್ಟರೆ ಅವನು ಮಹಾತ್ಮನಾಗುತ್ತಾನೆ, ಓದುಗರು ನಂಬುವುದಿಲ್ಲ. ಏನೂ ಬಿಡದಿದ್ದರೆ ಆಕೆ ಕಳೆದುಕೊಂಡ ಅರ್ಧ ದಿನಕ್ಕೆ ಅರ್ಥವಿಲ್ಲ. ನಾನು ಅಂಕಿಗಳನ್ನು ಹೇಳದೆ ಪ್ರಮಾಣವನ್ನು ಮಾತ್ರ ಇಟ್ಟುಕೊಂಡೆ. ಆಕೆಯ ಕಡಿತವಾದ ಸಂಬಳ ಹೊಲಿಗೆ ಕೂಲಿಯ ಮೂರನೇ ಒಂದು ಭಾಗ. ಅರ್ಧ ಕೂಲಿ ಮುಂಗಡವಾಗಿ ಮೊದಲೇ ಸಂದಿದೆ. ಹಾಗಾಗಿ ಅವನು ಆ ಮೂರನೇ ಒಂದನ್ನು ಕಳೆದರೆ ಅವನಿಗೆ ಬರಬೇಕಾಗಿ ಉಳಿಯುವುದು ಆರನೇ ಒಂದು ಮಾತ್ರ. ಅವನು ಕ್ಷಮೆಯ ಮಾತೇನೂ ಆಡುವುದಿಲ್ಲ, ಅರ್ಧ ದಿನಕ್ಕೆ ಎಷ್ಟು ಹೋಯಿತು ಎಂದು ಕೇಳುತ್ತಾನೆ. ಆಕೆ ಹೇಳಲು ಹಿಂಜರಿಯುತ್ತಾಳೆ, ಅವನು ಮತ್ತೆ ಕೇಳುತ್ತಾನೆ. ಆಮೇಲೆ ಹೆಸರನ್ನು ತಿದ್ದಿದಷ್ಟೇ ಎಚ್ಚರದಿಂದ ಲೆಕ್ಕ ಬರೆದು ಕಳೆಯುತ್ತಾನೆ. ಅವನ ಸ್ವಭಾವಕ್ಕೆ ತಕ್ಕ ಕ್ಷಮೆ ಅದೊಂದೇ ಎಂದು ನನಗೆ ಅನ್ನಿಸಿತು, ಈಗಲೂ ಹಾಗೆಯೇ ಅನ್ನಿಸುತ್ತದೆ.

ಯಾರ ಟ್ರಯಲ್ ಮೊದಲು ಎಂಬುದನ್ನು ತೀರ್ಮಾನಿಸುವ ಹಕ್ಕನ್ನು ನಾನು ದರ್ಜಿಗೆ ಕೊಡಲಿಲ್ಲ. ಕೋಟಿನ ಟ್ರಯಲ್‌ಗೆ ಸುಮಾರು ಇಪ್ಪತ್ತೈದು ನಿಮಿಷ, ಜಾಕೆಟ್ಟಿಗೆ ಹದಿನೈದು. ಒಬ್ಬರಾದ ಮೇಲೆ ಒಬ್ಬರಂತೆ ಮಾಡಿದರೆ ಯಾರಿಗೂ ಹೆಚ್ಚು ನಷ್ಟವಿಲ್ಲ ಎಂಬುದು ಕೋಷ್ಟಕದಲ್ಲಿಯೇ ಕಾಣುತ್ತಿತ್ತು, ಅದನ್ನು ಓದುಗರೂ ಲೆಕ್ಕ ಹಾಕುತ್ತಾರೆ. ಆದರೂ ಹಿರಿಯರು, ಕಳೆದ ಹದಿನೈದು ನಿಮಿಷ ತಮ್ಮಿಂದಲೇ ಆಕೆ ಕಾದಳೆಂಬ ಸಂಕೋಚದಿಂದ, ಸೂಜಿ ಚುಚ್ಚಿದ ಕೋಟಿನಲ್ಲಿಯೇ ನಿಂತಿರುತ್ತೇನೆ, ಮೊದಲು ಇವರದನ್ನು ನೋಡಿ ಎನ್ನುತ್ತಾರೆ. ಎದ್ದು ಹೋಗಲು ಬಿಡದೆ ಕಟ್ಟಿಹಾಕಿದ್ದ ಅದೇ ಸಭ್ಯತೆಗೆ ಕೊನೆಗೆ ಒಂದು ಕೆಲಸ ಸಿಕ್ಕಿತು. ಅವರು ನಿಂತದ್ದನ್ನು ಕಥೆ ಹೇಗೆ ಮುಗಿಸುತ್ತದೆ, ಕೊನೆಯ ವಾಕ್ಯಕ್ಕೆ ಯಾವ ಚೌಕವನ್ನು ಆರಿಸಿಕೊಂಡೆ ಎಂಬುದನ್ನು ಹೇಳುವುದಿಲ್ಲ. ಅದನ್ನು ಆರಿಸುವುದಕ್ಕೆ ನನ್ನದೇ ಒಂದು ಉಪಾಯವಿದೆ, ಇನ್ನೂ ಒಂದೆರಡು ಕಥೆಗಳಲ್ಲಿ ಅದನ್ನು ಬಳಸುವುದಿದೆ.

ಮುಗಿದ ಕಥೆ ಸುಮಾರು 2,000 ಪದಗಳಿಗೆ ಬಂತು. ಕಳುಹಿಸಿದ ಎರಡು ಮೂರು ಕಡೆಗಳಿಂದ ಉತ್ತರವೇ ಬರಲಿಲ್ಲ. ಸ್ಪರ್ಧೆಯೊಂದಕ್ಕೆ ಪ್ರವೇಶ ಶುಲ್ಕ ಕಟ್ಟಿ ಕಳುಹಿಸಿದೆ, ಘಟನೆಯೇ ಇಲ್ಲ ಎಂಬ ಒಂದು ಸಾಲಿನೊಂದಿಗೆ ಹಿಂದಿರುಗಿತು. ಕೊನೆಗೆ ಸ್ವೀಕರಿಸಿದ ಪತ್ರಿಕೆಯವರು ಕೊಟ್ಟ ಗೌರವಧನದಿಂದ ಮುದ್ರಣದ ಮತ್ತು ಅಂಚೆಯ ಖರ್ಚು ಹುಟ್ಟಿತು. ಕೋಟಿನ ಖರ್ಚು ಹುಟ್ಟಲಿಲ್ಲ, ಆದರೆ ತೋಳು ಮಾತ್ರ ಬಹಳ ಚೆನ್ನಾಗಿ ಕೂತಿದೆ.

ಸಂಪಾದಕರು ಕೇಳಿದ ಬದಲಾವಣೆ ಒಂದೇ. ಸಂದೇಶ ಕಳುಹಿಸಿದ ಪರಿಚ್ಛೇದದ ಕೊನೆಗೆ "ಸಮಯವನ್ನು ಬದಲಿಸಲು ಅವನು ಮರೆತಿದ್ದ" ಎಂಬ ವಾಕ್ಯವನ್ನು ಸೇರಿಸಿ, ಇಲ್ಲವಾದರೆ ಅನೇಕರಿಗೆ ಗೊತ್ತಾಗುವುದಿಲ್ಲ ಎಂದರು. ನಾನು ಒಪ್ಪಲಿಲ್ಲ. ಓದುಗರ ಚೌಕದಲ್ಲಿ "ಅರ್ಧ ಗೊತ್ತು" ಇದ್ದ ಜಾಗಕ್ಕೆ "ಪೂರ್ತಿ ಗೊತ್ತು" ಬಂದರೆ ಅದರ ಕೆಳಗಿನ ಹತ್ತು ಸಾಲುಗಳು ಹೇಗೆ ಸಡಿಲವಾಗುತ್ತವೆ ಎಂಬುದನ್ನು ಹಾಳೆಯ ಚಿತ್ರ ತೆಗೆದೇ ಕಳುಹಿಸಿದೆ. ಒಂದು ವಾರದ ನಂತರ ಅವರು ಬೇರೆ ದಾರಿ ಸೂಚಿಸಿದರು: ಮೊದಲು ನಾನು ಸಂದೇಶದಲ್ಲಿಯೂ ಅಳತೆ ಪುಸ್ತಕದಲ್ಲಿಯೂ ನಾಲ್ಕು, ಐದು ಎಂದು ಅಕ್ಷರಗಳಲ್ಲಿ ಬರೆದಿದ್ದೆ, ಅವನ್ನು ಅಂಕಿಗಳಲ್ಲಿ ಅಚ್ಚು ಮಾಡಿದರೆ ಓದುವ ಕಣ್ಣು ತಾನಾಗಿ ಅಲ್ಲಿ ತಡೆಯುತ್ತದೆ ಎಂದರು. ಅದಕ್ಕೆ ಕೂಡಲೇ ಒಪ್ಪಿಕೊಂಡೆ. ಆಕೆ ಬಾಯಲ್ಲಿ ಹೇಳುವ ಐದು ಮಾತ್ರ ಅಕ್ಷರದಲ್ಲಿಯೇ ಉಳಿಯಿತು. ಹೊಸ ಕಥೆಯ ಹಾಳೆಯಲ್ಲಿ ಈಗ ಐದನೆಯದಾಗಿ ಒಂದು ಕಿರಿದಾದ ಕಂಬವನ್ನೂ ಎಳೆದುಕೊಂಡಿದ್ದೇನೆ. ಯಾವ ಸಂಗತಿ ಪುಟದ ಮೇಲೆ ಕಣ್ಣಿಗೆ ಹೇಗೆ ಕಾಣಬೇಕು ಎಂಬುದನ್ನು ಅದರಲ್ಲಿ ಬರೆದುಕೊಳ್ಳುತ್ತೇನೆ.